ಸ್ವಾತಂತ್ರ್ಯ ದಿನಕ್ಕೆ ಕಂಪನಿಯ ಶುಭಾಶಯ: ‘ಹಾರ್ದಿಕ’ ಬಿಟ್ಟರೆ ಏನು ಬರೆಯೋದು?

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರಿನ ಒಂದು ಬಿತ್ತನೆ ಬೀಜದ ಕಂಪನಿಯಲ್ಲಿ ಕೆಲಸ ಮಾಡ್ತೀನಿ. ಅಂಗಡಿಯವರಿಗೆ, ರೈತರಿಗೆ ವಾಟ್ಸಾಪ್‌ನಲ್ಲಿ ಹೋಗುವ ಕನ್ನಡ ಬರಹವೆಲ್ಲ ನನ್ನ ಪಾಲಿಗೆ ಬಂದಿದೆ. 2024ರಲ್ಲಿ ಕಳಿಸಿದ್ದು ಇದು:

“ಸಮಸ್ತ ನಾಡಿನ ಜನತೆಗೆ 78ನೇ ಸ್ವಾತಂತ್ರ್ಯೋತ್ಸವದ ಹಾರ್ದಿಕ ಶುಭಾಶಯಗಳು. ದೇಶಕ್ಕಾಗಿ ಪ್ರಾಣತೆತ್ತ ವೀರ ಯೋಧರನ್ನು ಸ್ಮರಿಸೋಣ.”

ಅದಕ್ಕೆ ಒಬ್ಬ ಅಂಗಡಿಯವರು “ಹಿಂದಿನ ವರ್ಷದ್ದೇ ಅಲ್ಲೇನ್ರೀ ಇದು? ನಂಬರ್ ಒಂದು ಬದಲಿ ಮಾಡೀರಿ” ಅಂತ ಮರುಉತ್ತರ ಹಾಕಿದರು. ನಿಜವೇ. ಈ ಸಲ ನಮ್ಮ ಸಾಹೇಬರು ತಾವೇ ಬರೆದುಕೊಟ್ಟಿದ್ದಾರೆ: “79ನೇ ಸ್ವಾತಂತ್ರ್ಯ ದಿನಾಚರಣೆಯ ನಮ್ಮ ಪ್ರಾಮಾಣಿಕ ಶುಭಾಶಯಗಳು. ನಿಮ್ಮ ಬೆಳೆಗೂ ಕೀಟಗಳಿಂದ ಸ್ವಾತಂತ್ರ್ಯ ಸಿಗಲಿ!” ಓದಿದರೆ ಎಲ್ಲೋ ಮುಳ್ಳು ಚುಚ್ಚಿದ ಹಾಗಾಗುತ್ತೆ, ಎಲ್ಲಿ ಅಂತ ಹೇಳೋಕೆ ಬರ್ತಿಲ್ಲ. ‘ಪ್ರಾಮಾಣಿಕ’ ಅನ್ನೋದಕ್ಕೆ ಬೇರೆ ಪದ ಇದೆಯೇ? ‘ಕೀಟಗಳಿಂದ ಸ್ವಾತಂತ್ರ್ಯ’ ಕನ್ನಡವೇ?

*

‘ಪ್ರಾಮಾಣಿಕ’ವನ್ನು ಮೊದಲು ತೆಗೆಯಿರಿ. ಕನ್ನಡದಲ್ಲಿ ಪ್ರಾಮಾಣಿಕತೆ ಲೆಕ್ಕಪತ್ರಕ್ಕೆ, ನಡತೆಗೆ, ಮನುಷ್ಯನಿಗೆ ಸಲ್ಲುವ ಮಾತು. ಶುಭಾಶಯಕ್ಕೆ ಅದನ್ನು ಅಂಟಿಸಿದರೆ ‘ಹಾಗಾದರೆ ಹಿಂದಿನ ವರ್ಷದ್ದು?’ ಅಂತ ಕೇಳಬೇಕಾಗುತ್ತದೆ. ಹೃತ್ಪೂರ್ವಕ, ಮನಃಪೂರ್ವಕ ಇವೆ. ಆದರೆ ಅವೂ ಫ್ಲೆಕ್ಸಿನ ಮೇಲೆ ಸವೆದು ಹೋಗಿವೆ. ‘ಹಾರ್ದಿಕ’ ಅಂದರೂ ಹೃದಯದ್ದು ಅಂತಲೇ. ಆ ಹೃದಯ ಈಗ ಯಾರ ಕಿವಿಗೂ ಕೇಳಿಸುವುದಿಲ್ಲ. ಒಂದು ವಿಶೇಷಣ ಸವೆಯಿತೆಂದು ಇನ್ನೊಂದು ತಂದರೆ ಅದೂ ಎರಡು ವರ್ಷದಲ್ಲಿ ಸವೆಯುತ್ತದೆ. ವಿಶೇಷಣವೇ ಇಲ್ಲದೆ ‘ಸ್ವಾತಂತ್ರ್ಯ ದಿನದ ಶುಭಾಶಯ’ ಅಂದು ನೋಡಿ. ‘ದಿನಾಚರಣೆಯ’ ಕೂಡ ಬೇಡ. ಆಚರಣೆ ನಾವು ಮಾಡುವ ಕಾರ್ಯಕ್ರಮ, ಶುಭಾಶಯ ಹೇಳುವುದು ದಿನಕ್ಕೆ.

ಈಗ ಕೀಟದ ವಿಷಯ. ಸ್ವಾತಂತ್ರ್ಯ ಯಾರಿಗೋ ಇರುತ್ತದೆ, ಏನನ್ನೋ ಮಾಡಲು ಇರುತ್ತದೆ: ಮಾತಾಡುವ ಸ್ವಾತಂತ್ರ್ಯ, ಮದುವೆಯಾಗುವ ಸ್ವಾತಂತ್ರ್ಯ. ಯಾವುದರಿಂದಲೋ ತಪ್ಪಿಸಿಕೊಳ್ಳುವುದಕ್ಕೆ ಕನ್ನಡದಲ್ಲಿ ಬೇರೆ ಮಾತುಗಳಿವೆ. ಸಾಲದಿಂದ ಮುಕ್ತಿ, ಜೈಲಿನಿಂದ ಬಿಡುಗಡೆ, ಕಾಯಿಲೆಯಿಂದ ಗುಣ. ‘ಸಾಲದಿಂದ ಸ್ವಾತಂತ್ರ್ಯ’ ಅಂತ ಯಾವ ರೈತನೂ ಹೇಳುವುದಿಲ್ಲ. ನಿಮಗೆ ಚುಚ್ಚಿದ ಮುಳ್ಳು ಅದೇ. ಇಂಗ್ಲಿಷ್ ಜಾಹೀರಾತಿನ ಚಮತ್ಕಾರ ಕನ್ನಡದ ವಿಭಕ್ತಿಯಲ್ಲಿ ಸಿಕ್ಕಿಹಾಕಿಕೊಂಡಿದೆ.

ಇಷ್ಟು ಹೇಳಿದ್ದು ಮೂವತ್ತು ವರ್ಷ ವ್ಯಾಕರಣ ಪಾಠ ಮಾಡಿದ ಮೇಷ್ಟ್ರು. ಸ್ವಲ್ಪ ಕಟುವಾದರೆ ಕ್ಷಮಿಸಿ.

*

ಮೇಷ್ಟ್ರೇ, ಒಂದು ಸಣ್ಣ ತಕರಾರು. ‘ಭಾರತ ಬ್ರಿಟಿಷರಿಂದ ಸ್ವಾತಂತ್ರ್ಯ ಪಡೆಯಿತು’ ಅಂತ ಶಾಲೆಯ ಪುಸ್ತಕದಲ್ಲೇ ಓದಿದ್ದೇವಲ್ಲ? ಅಲ್ಲೂ ‘ಇಂದ’ ಇದೆ.

ಇನ್ನು ನನ್ನ ಸಲಹೆ. ಸಂಸ್ಕೃತ ಪದಗಳೇ ಈ ಒಣಕಲು ಧಾಟಿಗೆ ಕಾರಣ. ಸ್ವಾತಂತ್ರ್ಯ, ಹಾರ್ದಿಕ, ಶುಭಾಶಯ, ಸಮಸ್ತ, ಒಂದಾದರೂ ನಮ್ಮದಾ? ‘ಬಿಡುಗಡೆಯ ದಿನದ ನಲ್ವಾರೈಕೆಗಳು’ ಅಂತ ಬರೆಯಲಿ, ತಾನಾಗೇ ಮನಸ್ಸಿಗೆ ಹತ್ತಿರವಾಗುತ್ತದೆ. ‘ಶುಭಾಶಯ ಕೋರು’ ಅನ್ನೋದಂತೂ ಶುದ್ಧ ತಪ್ಪು. ಕೋರು ಅಂದರೆ ಬೇಡು. ನಾವು ಶುಭಾಶಯ ಕೊಡುತ್ತಿದ್ದೇವೋ, ಬೇಡುತ್ತಿದ್ದೇವೋ?

*

‘ಬಿಡುಗಡೆಯ ದಿನ’ ಅಂತ ವಾಟ್ಸಾಪ್‌ನಲ್ಲಿ ಕಳಿಸಿದರೆ ‘ಯಾವ ಪಿಕ್ಚರ್ರು?’ ಅಂತ ಕೇಳ್ತಾರೆ ಸರ್. :)

ನಾನು ಅನುವಾದಕಿ, ಕಂಪನಿಗಳ ಇಂಥ ಬರಹಗಳೇ ನನ್ನ ಅನ್ನ. ನೀವು ಹಿಡಿದ ‘ಬ್ರಿಟಿಷರಿಂದ’ ಇದೆಯಲ್ಲ, ಅದು ‘ಪಡೆ’ ಕ್ರಿಯಾಪದದ ಜೊತೆ ಹೋಗುತ್ತದೆ. ಯಾರಿಂದ ಪಡೆದೆವು ಅನ್ನುವ ಅರ್ಥದಲ್ಲಿ, ಅಪ್ಪನಿಂದ ಹಣ ಪಡೆದ ಹಾಗೆ. ಕೀಟಗಳಿಂದ ಪಡೆಯುವುದೇನಿದೆ? ‘ಕೋರು’ಗೆ ಬೇಡು ಅಲ್ಲದೆ ಬಯಸು ಅನ್ನುವ ಅರ್ಥವೂ ಇದೆ. ಆದ್ದರಿಂದ ‘ಶುಭ ಕೋರು’ ಸರಿಯಾಗಿಯೇ ಇದೆ. ‘ಶುಭಾಶಯ ಕೋರು’ ಅಂದಾಗ ಆಶಯದ ಮೇಲೆ ಇನ್ನೊಂದು ಬಯಕೆ ಹೇರಿದಂತಾಗುತ್ತದೆ, ಅಷ್ಟೇ. ನಾನಂತೂ ‘ಶುಭಾಶಯ ಹೇಳು’ ಬಳಸುತ್ತೇನೆ.

ಆದರೆ ಮೂಲ ಸಮಸ್ಯೆ ಪದಗಳಲ್ಲಿಲ್ಲ ಅನಿಸುತ್ತದೆ. ಆ ಹಳೆಯ ಸಂದೇಶವನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ನೋಡಿ. ‘ಸಮಸ್ತ ನಾಡಿನ ಜನತೆಗೆ’ ಅಂದರೆ ನಾಡುಗಳೆಲ್ಲ ಎಷ್ಟಿವೆ? ‘ನಾಡಿನ ಸಮಸ್ತ ಜನತೆಗೆ’ ಅಂತಿರಬೇಕಿತ್ತು. ಅದೂ ಹೋಗಲಿ, ನಾಡು ಅಂದರೆ ನಮ್ಮ ಕಿವಿಗೆ ಮೊದಲು ಕರ್ನಾಟಕ, ನವೆಂಬರ್ 1ರ ಮಾತು. ಆಗಸ್ಟ್ 15ಕ್ಕೆ ದೇಶ. ಎಲ್ಲಕ್ಕಿಂತ ಮುಖ್ಯವಾಗಿ, ಸಂದೇಶ ಹೋಗುವುದು ನಿಮ್ಮಿಂದ ಬೀಜ ಕೊಂಡವರಿಗೆ. ಅವರನ್ನು ‘ಜನತೆ’ ಅಂತ ಕರೆದರೆ ವೇದಿಕೆ ಹತ್ತಿ ಮಾತಾಡಿದ ಹಾಗೆ.

‘ನಾವು’ ಬಗ್ಗೆಯೂ ಎಚ್ಚರ. ತೆಲುಗಿನಲ್ಲಿ ‘ಮನಂ’ ಅಂದರೆ ಕೇಳುವವರೂ ಸೇರಿ, ‘ಮೇಮು’ ಅಂದರೆ ನಿಮ್ಮನ್ನು ಬಿಟ್ಟು. ನಮ್ಮ ಈಗಿನ ಕನ್ನಡಕ್ಕೆ ಎರಡಕ್ಕೂ ಒಂದೇ ‘ನಾವು’. ‘ನಾವು ಹೋರಾಡಿ ಸ್ವಾತಂತ್ರ್ಯ ಗಳಿಸಿದೆವು’ ಅಂತ ಕಂಪನಿ ಬರೆದು ಕೆಳಗೆ ಲೋಗೋ ಹಾಕಿದರೆ ಕಂಪನಿಯೇ ಹೋರಾಡಿತೇನೋ ಅನ್ನಿಸುತ್ತದೆ. ‘ದೇಶಕ್ಕೆ ಸ್ವಾತಂತ್ರ್ಯ ಬಂತು’ ಅಂದರೆ ಆ ಇಕ್ಕಟ್ಟಿಲ್ಲ.

*

ಲೋಗೋ ಅಂದಿರಿ, ನನ್ನ ಕಥೆ ನೆನಪಾಯ್ತು. ನಮ್ಮ ಪ್ರಿಂಟಿಂಗ್ ಪ್ರೆಸ್ಸಿಗೆ ಒಬ್ಬರು ಧ್ವಜದ ಚಿತ್ರ ತಂದು, ಅಶೋಕ ಚಕ್ರದ ಜಾಗದಲ್ಲಿ ತಮ್ಮ ಲೋಗೋ ಕೂರಿಸಿಕೊಡಿ ಅಂದರು. ನಾನು ಒಪ್ಪಲಿಲ್ಲ, ಬೇರೆ ಕಡೆ ಮಾಡಿಸಿಕೊಂಡರು. ರಾಷ್ಟ್ರೀಯ ಗೌರವಕ್ಕೆ ಅವಮಾನ ತಡೆಯುವ 1971ರ ಕಾಯ್ದೆಯ ಪ್ರಕಾರ ಧ್ವಜದ ಮೇಲೆ ಅಕ್ಷರ ಬರೆಯೋದು ಅವಮಾನವೇ. ಕೇಂದ್ರದ ಅನುಮತಿ ಇಲ್ಲದೆ ವ್ಯಾಪಾರಕ್ಕೆ ಧ್ವಜ ಬಳಸಬಾರದು ಅನ್ನೋ 1950ರ ಕಾಯ್ದೆಯೂ ಇದೆ. ಪ್ರಶ್ನೆ ಕೇಳಿದವರು ಚಿತ್ರದ ಬಗ್ಗೆ ಕೇಳಲಿಲ್ಲ, ಗೊತ್ತು. ಆದರೂ ಚಕ್ರದ ತಂಟೆಗೆ ಹೋಗಬೇಡಿ.

*

ಮೇಷ್ಟ್ರು ಮತ್ತೆ ಬಂದಿದ್ದೇನೆ. ಅನುವಾದಕಿ ಅಮ್ಮ ಹೇಳಿದ ‘ಯಾರು ಯಾರಿಗೆ’ ನನಗೆ ಹೊಳೆದಿರಲಿಲ್ಲ, ಒಪ್ಪಿದೆ. ‘ಯೋಧ’ ಬಗ್ಗೆ ಎರಡು ಮಾತು. ಯೋಧ ಎಂದರೆ ಸೈನಿಕ. ಗಡಿಯಲ್ಲಿ ಮಡಿದ ಸೈನಿಕರನ್ನು ಎಂದು ನೆನೆದರೂ ಸರಿಯೇ. ಆದರೆ ಈ ದಿನ ಮೊದಲು ನೆನಪಾಗಬೇಕಾದವರು ಸ್ವಾತಂತ್ರ್ಯ ಹೋರಾಟಗಾರರು. ಬಂದೂಕು ಹಿಡಿದ ಸೈನಿಕನ ಚಿತ್ರದ ಕೆಳಗೆ ಉಪ್ಪಿನ ಸತ್ಯಾಗ್ರಹದವರನ್ನು ಸೇರಿಸಿ ಎಲ್ಲರನ್ನೂ ‘ವೀರ ಯೋಧರು’ ಎಂದರೆ, ಬರೆದವನು ಯಾರನ್ನೂ ನೆನೆದಿಲ್ಲ ಎಂದು ಗೊತ್ತಾಗಿಬಿಡುತ್ತದೆ.

ಸಂಖ್ಯೆ ಸರಿ ಇದೆ. 1947ರದ್ದೇ ಒಂದನೆಯದು ಎಂದು ಎಣಿಸಿದರೆ 2025ರದ್ದು 79ನೇ ಸ್ವಾತಂತ್ರ್ಯ ದಿನ, ತುಂಬಿದ್ದು 78 ವರ್ಷ. ‘ಸ್ವಾತಂತ್ರ್ಯ ಬಂದು 79 ವರ್ಷ’ ಎಂದು ಬರೆದರೆ ತಪ್ಪು.

*

ನಾನು ಕಲಬುರಗಿಯವ. ಇಲ್ಲಿತನಕ ಯಾರೂ ಒಂದು ಮಾತು ಎತ್ತಲಿಲ್ಲಲ್ರೀ. ಕಂಪನಿ ರಾಯಚೂರಿನದು. 1947ರ ಆಗಸ್ಟ್ 15ಕ್ಕ ರಾಯಚೂರು ನಿಜಾಮರ ಕೈಯಾಗಿತ್ತು. ಕಲಬುರಗಿ, ಬೀದರ ಎಲ್ಲಾ ಹಂಗ. ಆ ದಿನ ಇಲ್ಲಿ ತಿರಂಗಾ ಏರಿಸೋದು ಅಪರಾಧ. ಗಡಿ ದಾಟಿ ಮುಂಡರಗಿ, ಗಜೇಂದ್ರಗಡದ ಶಿಬಿರ ಸೇರಿದವರು ಅದೆಷ್ಟೋ ಮಂದಿ. ನಮ್ಮ ಭಾಗ ಭಾರತಕ್ಕ ಸೇರಿದ್ದು 1948ರ ಸೆಪ್ಟೆಂಬರ್ 17ಕ್ಕ, ಹದಿಮೂರು ತಿಂಗಳು ತಡಾಗಿ. ಆ ದಿನಕ್ಕ ನಾವು ‘ವಿಮೋಚನೆ’ ಅಂತಿದ್ವಿ, ‘ಸ್ವಾತಂತ್ರ್ಯ’ ಅಂತಿರಲಿಲ್ಲ. ನಿಜಾಮರ ಆಳ್ವಿಕೆಯಿಂದ ವಿಮೋಚನೆ. ಮೇಷ್ಟ್ರು ಹುಡುಕಿದ ‘ಇಂದ’ ಇಲ್ಲಿ ಸರಿಯಾಗಿ ಕೂಡ್ತದ ನೋಡ್ರಿ. ಈಗ ಸರ್ಕಾರ ಅದನ್ನ ಕಲ್ಯಾಣ ಕರ್ನಾಟಕ ಉತ್ಸವ ಅಂತದ. ನನಗ ಹಳೇ ಹೆಸರೇ ಹಿಡಸ್ತದ, ಅದು ಬ್ಯಾರೆ ಜಗಳ.

ರಾಯಚೂರಿನ ಕಂಪನಿ ರಾಯಚೂರಿನ ರೈತಗ ಬರೆಯೋ ಮುಂದ ಬೆಂಗಳೂರಿನ ಫ್ಲೆಕ್ಸ್ ಯಾಕ ನಕಲು ಮಾಡಬೇಕು?

*

ಕೇಳಿದವನು ನಾನೇ. ಕಲಬುರಗಿಯ ಅಣ್ಣನ ಮಾತು ಓದಿ ಸುಮ್ಮನೆ ಕೂತುಬಿಟ್ಟೆ. ನಮ್ಮಜ್ಜಿ ‘ರಜಾಕಾರರ ಗಲಾಟಿ’ ಅನ್ನೋಳು. ಅದಕ್ಕೂ ನಾನು ಕಳಿಸೋ ಸಂದೇಶಕ್ಕೂ ಸಂಬಂಧ ಇದೆ ಅಂತ ಒಂದು ದಿನವೂ ಅನಿಸಿರಲಿಲ್ಲ. ಹೀಗೆ ಬರೆದಿದ್ದೇನೆ, ತಿದ್ದಿ:

“ನಮಸ್ಕಾರ. 1947ರ ಆಗಸ್ಟ್ 15ರಂದು ದೇಶಕ್ಕೆ ಸ್ವಾತಂತ್ರ್ಯ ಬಂದಾಗ ನಮ್ಮ ಭಾಗದಲ್ಲಿ ಬಾವುಟ ಏರಿಸುವಂತಿರಲಿಲ್ಲ. 1948ರ ಸೆಪ್ಟೆಂಬರ್ 17ರವರೆಗೆ ಕಾಯಬೇಕಾಯಿತು. ಅದಕ್ಕಾಗಿ ಜೈಲಿಗೆ ಹೋದವರು, ಶಿಬಿರ ಸೇರಿದವರು ನಿಮ್ಮ ಊರಿನಲ್ಲೂ ಇದ್ದಿರಬಹುದು. ಅವರನ್ನು ಇವತ್ತು ನೆನೆಯುತ್ತೇವೆ. ನಿಮಗೂ ಮನೆಯವರಿಗೂ ಸ್ವಾತಂತ್ರ್ಯ ದಿನದ ಶುಭಾಶಯ. ಇವತ್ತು ಗೋದಾಮಿಗೆ ರಜೆ, ನಾಳೆ ಬೆಳಿಗ್ಗೆ ತೆರೆದಿರುತ್ತದೆ.”

ಸಾಹೇಬರು ಓದಿ, ಕೀಟದ ಸಾಲು ಎಲ್ಲಿ ಅಂತ ಕೇಳಿದರು. ತೆಗೆದೆ ಅಂದೆ. ಕೊನೆಗೆ ಬೀಜದ ಹೆಸರಾದರೂ ಇರಲಿ ಅಂತಿದ್ದಾರೆ.

*

ಬೀಜದ ಹೆಸರು ಬಂದ ತಕ್ಷಣ ಮೇಲಿನ ಐದು ವಾಕ್ಯ ಅದರ ಪೀಠಿಕೆ ಆಗಿಬಿಡುತ್ತೆ. ಮಾರಾಟದ ಮಾತು ಬೇಕಿದ್ದರೆ 16ಕ್ಕೆ ಬೇರೆ ಸಂದೇಶ ಕಳಿಸಿ. ಗೋದಾಮಿನ ಸಾಲು ಮಾತ್ರ ಇರಲಿ, ಅದು ಓದುವವರಿಗೆ ಉಪಯೋಗ. ‘ನೆನೆಯುತ್ತೇವೆ’ ಇಟ್ಟಿದ್ದೂ ಒಳ್ಳೆಯದು. ‘ಸ್ಮರಿಸೋಣ’ ಅಂದಿದ್ದರೆ ಕೆಲಸ ಓದುವವರಿಗೆ ಹೊರಿಸಿದ ಹಾಗಿತ್ತು.

– ಅನುವಾದಕಿ

*

ನನಗೆ ‘ನಮ್ಮ ಭಾಗದಲ್ಲಿ’ ಸ್ವಲ್ಪ ಅನುಮಾನ. ನಿಮ್ಮ ಬೀಜ ಬಳ್ಳಾರಿಗೂ ಹೋಗುತ್ತದೆಯೇ? ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಅಲ್ಲಿ 1947ರಲ್ಲೇ ಬಾವುಟ ಏರಿತು. ಅವರಿಗೆ ಬೇರೆ ಪ್ರತಿ ಬೇಕಾಗುತ್ತದೆ. ‘ನಲ್ವಾರೈಕೆ’ಯನ್ನು ನಾನಿನ್ನೂ ಬಿಟ್ಟಿಲ್ಲ, ಇನ್ನೊಮ್ಮೆ ಜಗಳ ಆಡೋಣ.

*

ಬಳ್ಳಾರಿಗೂ ಹೋಗುತ್ತೆ ಸರ್, ಎರಡನೇ ಪ್ರತಿ ಬರೀತಿದ್ದೀನಿ. ಚಿತ್ರದ ಮೇಲೆ ತಲೆಬರಹ ಹಾಕಲು ಡಿಟಿಪಿ ಅಂಗಡಿಗೆ ಕೊಟ್ಟಿದ್ದೆ, ‘ಸ್ವಾತಂತ್ರ ದಿನ’ ಅಂತ ಬಂದಿದೆ. ತ ಅಕ್ಷರದ ಕೆಳಗೆ ರ ಒತ್ತಿದೆ, ಯ ಒತ್ತು ಮಾಯ. “ಎಲ್ಲರೂ ಹಂಗೇ ಹಾಕಸ್ತಾರ ಸರ್” ಅಂತ ವಾದ ಬೇರೆ. ಯ ಒತ್ತು ಕೂರಿಸದೆ ದುಡ್ಡು ಕೊಡಲ್ಲ ಅಂತ ಹೇಳಿ ಬಂದಿದ್ದೇನೆ.