ಪದ ಬೇಕು: ‘ಸೋಶಿಯಲ್ ಡಿಸ್ಕೌಂಟ್ ರೇಟ್’ಗೆ ಕನ್ನಡದಲ್ಲಿ ಏನಂತೀರಿ? (ನಾಳೆ ಮಧ್ಯಾಹ್ನದೊಳಗೆ)

ಸುಮಾ:
ಎಲ್ರಿಗೂ ನಮಸ್ಕಾರ. ಕೆರೆ ತುಂಬಿಸೋ ಯೋಜನೆಯೊಂದರ ಸಾರಾಂಶ ಕನ್ನಡಕ್ಕೆ ಮಾಡ್ತಿದೀನಿ, ಗ್ರಾಮಸಭೇಲಿ ಹಂಚೋಕೆ, ನಾಳೆ ಮಧ್ಯಾಹ್ನ ಪ್ರಿಂಟಿಗೆ ಹೋಗ್ಬೇಕು. ಖರ್ಚು 100 ಕೋಟಿ, ಪ್ರತಿ ವರ್ಷ 10 ಕೋಟಿ ಪ್ರಯೋಜನ, 50 ವರ್ಷ. ಆಮೇಲೆ ‘ಸೋಶಿಯಲ್ ಡಿಸ್ಕೌಂಟ್ ರೇಟ್ 12%, ಆದ್ದರಿಂದ ಪ್ರಯೋಜನ ಬರೀ 83 ಕೋಟಿ, ಯೋಜನೆ ಗಿಟ್ಟೋದಿಲ್ಲ’ ಅಂತಿದೆ. ನನಗಿಂತ ಮುಂಚೆ ಮಾಡಿದವರು ‘ಸಾಮಾಜಿಕ ರಿಯಾಯಿತಿ ದರ’ ಅಂತ ಬರೆದಿದ್ರು. ಅಮ್ಮಂಗೆ ಓದಿ ಹೇಳಿದೆ, “ಯಾರ್ಯಾರಿಗೆ ಸಿಗತ್ತಂತೆ, ಕಾರ್ಡ್ ಬೇಕಾ?” ಅಂದ್ರು. ಒಳ್ಳೆ ಪದ ಕೊಡಿ.

ನಾಗರಾಜ್:
ಮೇಡಂ, ಹಿರಿಯ ನಾಗರಿಕರಿಗೆ ಬಸ್ಸಲ್ಲಿ ‘ರಿಯಾಯಿತಿ ದರ’ ಅಂತಾನೇ ಬರೆದಿರ್ತಾರೆ, ಎಲ್ರಿಗೂ ಅರ್ಥ ಆಗತ್ತೆ. ಹಿಂದುಳಿದ ವರ್ಗಕ್ಕೆ ಕೊಡೋದಾದ್ರೆ ‘ಸಾಮಾಜಿಕ ನ್ಯಾಯ ರಿಯಾಯಿತಿ’ ಅಂತ ಮಾಡಬಹುದು. 12 ಪರ್ಸೆಂಟ್ ಕಮ್ಮಿಯಾಯ್ತು ಅನ್ಸತ್ತೆ.

ಬಸವರಾಜ:
ರಿಯಾಯಿತಿ ಅರಬಿ, ಸಾಮಾಜಿಕ ಸಂಸ್ಕೃತ. ಕನ್ನಡ ಎಲ್ಲಿದೆ ಇದರಲ್ಲಿ? ‘ಮಂದಿಬಡ್ಡಿ’ ಅನ್ನಿ. ಬಡ್ಡಿ ಅಚ್ಚಗನ್ನಡ, ಹಳ್ಳಿ ಮುದುಕಂಗೂ ಗೊತ್ತು.

ಕೃಷ್ಣಮೂರ್ತಿ:
ಬಸವರಾಜ್, ಬಡ್ಡಿ ಅಚ್ಚಗನ್ನಡ ಅಲ್ಲ. ಸಂಸ್ಕೃತದ ವೃದ್ಧಿ ಪ್ರಾಕೃತದಲ್ಲಿ ವಡ್ಢಿ ಆಗಿ ನಮ್ಮಲ್ಲಿಗೆ ಬಂತು. ವೃದ್ಧಿ ಅಂದ್ರೆ ಬೆಳೆಯೋದು, ಸುಮಾ ಕೇಳ್ತಿರೋದು ಅದರ ಉಲ್ಟಾ. ಇಲ್ಲಿ ಯಾರೂ ಯಾರಿಗೂ ಬಡ್ಡಿ ಕೊಡೋದಿಲ್ಲ. ಮುಂದೆ ಬರೋ ಪ್ರಯೋಜನಾನ ಇವತ್ತಿನ ಲೆಕ್ಕಕ್ಕೆ ತಗ್ಗಿಸ್ತಾರೆ, ಅಷ್ಟೇ. ನಾಗರಾಜ್ ಅವರೇ, ಬಸ್ ಪಾಸ್ ಅಲ್ಲ ಸ್ವಾಮಿ.

ಪ್ರದೀಪ:
ಇಷ್ಟೊಂದು ತಲೆಕೆಡಿಸ್ಕೋಬೇಡಿ, ರೂಪಾಯಿ ಬೆಲೆ ವರ್ಷ ವರ್ಷ ಇಳಿಯತ್ತೆ, ಅದನ್ನ ಕಳೆಯೋದೇ ಡಿಸ್ಕೌಂಟಿಂಗ್. ‘ಹಣದುಬ್ಬರ ದರ’ ಅಂತ ಹಾಕಿ ಮುಗಿಸಿ. ಇಲ್ಲಾಂದ್ರೆ ‘ಸವಕಳಿ ದರ’.

ಕೃಷ್ಣಮೂರ್ತಿ:
ಸವಕಳಿ ಮೋಟಾರಿಗೆ, ಪಂಪಿಗೆ. ಬೇಡ.

ಹಣದುಬ್ಬರ ಅಂದಿದ್ದು ಅರ್ಧ ಸರಿ, ಅದೇ ಅಪಾಯ. ಬೆಲೆ ಒಂದು ಪೈಸೆ ಏರದೇ ಇದ್ರೂ ಈ ದರ ಇರತ್ತೆ. ಎರಡು ಕಾರಣ ಹೇಳ್ತಾರೆ: ಜನಕ್ಕೆ ಈಗಿಂದೀಗ ಬೇಕು ಅನ್ನೋ ಆತುರ ಒಂದು, ಮೊಮ್ಮಕ್ಕಳು ನಮಗಿಂತ ಉಳ್ಳವರಾಗಿರ್ತಾರೆ, ಅವರಿಗೆ ಸಿಗೋ ನೂರು ರೂಪಾಯಿ ನಮ್ಮ ನೂರಕ್ಕಿಂತ ಹಗುರ ಅನ್ನೋದು ಇನ್ನೊಂದು. ಬ್ರಿಟನ್ ಸರ್ಕಾರದವರು 3.5% ಹಾಕ್ಕೊಂಡಿದ್ದು ಹೀಗೇ, 1.5 ಆತುರಕ್ಕೆ, 2 ಮುಂದೆ ಬರೋ ಸಿರಿವಂತಿಕೆಗೆ. ಆ ಆತುರದ ಭಾಗಾನ ಸೇರಿಸೋದು ನೀತಿಯಲ್ಲ ಅಂತ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ರ‍್ಯಾಮ್ಸೆ 1928ರಲ್ಲೇ ಬರೆದ, ಆ ಜಗಳ ಇನ್ನೂ ಮುಗಿದಿಲ್ಲ. 2006ರಲ್ಲಿ ಹವಾಮಾನ ಬದಲಾವಣೆಯ ಖರ್ಚಿನ ವರದಿ ಮಾಡಿದ ಸ್ಟರ್ನ್ ಆತುರಕ್ಕೆ 0.1 ಮಾತ್ರ ಕೊಟ್ಟು ಒಟ್ಟು 1.4ಕ್ಕೆ ಇಳಿಸಿದ, ಅದಕ್ಕೇ ‘ಈಗಲೇ ಖರ್ಚು ಮಾಡಿ’ ಅನ್ನೋ ಅವನ ಉತ್ತರ ಬೇರೆಯವರದಕ್ಕಿಂತ ಅಷ್ಟು ಬೇರೆ ಬಂತು.

‘ಸೋಶಿಯಲ್’ ಅನ್ನೋದೂ ಇಲ್ಲೇ ಬರತ್ತೆ. ನನಗೆ ಎಪ್ಪತ್ತೆರಡು, ಐವತ್ತು ವರ್ಷದ ನಂತರದ ನೀರು ನನಗೆ ಲೆಕ್ಕಕ್ಕಿಲ್ಲ. ಊರಿಗೆ ಲೆಕ್ಕಕ್ಕಿದೆ, ಊರು ಸಾಯಲ್ಲವಲ್ಲ.

ಶಾರದಾ:
ನಂದೊಂದು ಮಾತು. ನಮ್ಮ ಓಣೀಲಿ ಚೀಟಿ ಹಾಕ್ತೀವಿ, ಮೊದಲನೇ ತಿಂಗಳೇ ಎತ್ತೋರು ಜಾಸ್ತಿ ಬಿಟ್ಟುಕೊಡ್ತಾರೆ, ಕಡೇಲಿ ಎತ್ತೋರಿಗೆ ಹೆಚ್ಚುಕಮ್ಮಿ ಪೂರ್ತಿ ಸಿಗತ್ತೆ, ಆತುರಕ್ಕೆ ಬೆಲೆ ಅಂದ್ರೆ ಇದೇ ಅಲ್ವಾ ಸರ್? ಕೈಸಾಲ ಕೊಡೋರೂ “ಬಡ್ಡಿ ಮುರ್ಕೊಂಡು ಕೊಟ್ಟ” ಅಂತೀವಲ್ಲ, ಹತ್ತು ಸಾವಿರ ಅಂತ ಬರೆಸ್ಕೊಂಡು ಒಂಬತ್ತು ಕೈಗಿಡ್ತಾರೆ. ‘ಮುರಿಯೋದು’ ಅನ್ನೋ ಮಾತು ಇದಕ್ಕೆ ಒಗ್ಗತ್ತೆ ಅನ್ಸತ್ತೆ. ‘ಮುರಿದರ’?

ಬಸವರಾಜ:
ಮುರಿ ಒಳ್ಳೇದು. ದರ ಬೇಡ.

ಕೃಷ್ಣಮೂರ್ತಿ:
ದರ ಬೇಡ ಅಂದ್ರೆ ಖರ್ಚು, ಜಮಾ, ಬಾಕಿ, ವಸೂಲಿ ಎಲ್ಲಾ ಬಿಸಾಕಿ, ಅವೆಲ್ಲ ಅರಬಿ ಪಾರಸಿ ಮೂಲದವೇ. ಆಮೇಲೆ ಲೆಕ್ಕ ಹೇಗೆ ಬರೀತೀರೋ ನೋಡೋಣ. ಶಾರದಮ್ಮ, ಮುರಿಯೋದು ನಿಜಕ್ಕೂ ಚೆನ್ನಾಗಿದೆ. ಅಂಗಡಿಯ ‘ಸೋಡಿ’ಗಿಂತಲೂ ಹತ್ತಿರ, ಯಾಕಂದ್ರೆ ಅದರಲ್ಲಿ ಕಾಲ ಇದೆ. ಒಂದೇ ಭಯ, ಒಡೆದು ಹೋಯ್ತು ಅಂತ ಓದ್ಕೊಂಡ್ರೆ?

ಸುಮಾ, ಪದ ಆಮೇಲೆ. ಆ 12 ಎಲ್ಲಿಂದ ಬಂತು ಅಂತ ನೋಡಿದ್ರಾ? ಪ್ರಯೋಜನದ ಸಾಲಲ್ಲಿ ಐವತ್ತು ವರ್ಷವೂ ಅದೇ 10 ಕೋಟಿ ಇದೆಯಾ, ಇಲ್ಲಾ ವರ್ಷ ವರ್ಷ ಏರತ್ತಾ?

ಸುಮಾ:
ಅದೇ 10, ಏರೋದೇ ಇಲ್ಲ. ‘ಪ್ರಸ್ತುತ ಬೆಲೆಗಳಲ್ಲಿ’ ಅಂತ ಕೆಳಗಿದೆ. 12ಕ್ಕೆ ‘ಸಾಲದ ಬಡ್ಡಿಗೆ ಅನುಗುಣವಾಗಿ’ ಅಂತ ಒಂದು ಅಡಿಟಿಪ್ಪಣಿ.

ಕೃಷ್ಣಮೂರ್ತಿ:
ನನ್ನ ಅನುಮಾನ ನಿಜವಾಯ್ತು. ಸಾಲದ ಬಡ್ಡೀಲಿ ಹಣದುಬ್ಬರ ಸೇರಿರತ್ತೆ. ಪ್ರಯೋಜನಾನ ಇವತ್ತಿನ ಬೆಲೇಲೇ ಇಟ್ಟು, ಹಣದುಬ್ಬರ ಸೇರಿರೋ ಬಡ್ಡಿಯಿಂದ ಮುರಿದ್ರೆ ಒಂದೇ ಕಡೆ ಎರಡು ಸಲ ಕೊಯ್ದಂಗೆ. ಬೆಲೆ ವರ್ಷಕ್ಕೆ 5% ಏರತ್ತೆ ಅಂತ ಇಟ್ಕೊಳ್ಳಿ, ಆಗ 1.12 / 1.05, ಅಂದ್ರೆ ನಿಜವಾದ ದರ ಸುಮಾರು 6.7%. ಅದೇ 10 ಕೋಟಿ, ಅದೇ 50 ವರ್ಷ, ಮೊತ್ತ 83ರಿಂದ ಸುಮಾರು 144 ಕೋಟಿಗೆ ಏರತ್ತೆ. ‘ಗಿಟ್ಟೋದಿಲ್ಲ’ ಅಂದಿದ್ದು ಗಿಟ್ಟತ್ತೆ. ಪ್ರದೀಪ, ನಿಮ್ಮ ‘ಹಣದುಬ್ಬರ ದರ’ ಅಚ್ಚಾಗಿದ್ರೆ ಈ ತಪ್ಪು ಅಲ್ಲೇ ಹೂತುಹೋಗ್ತಿತ್ತು.

ಪ್ರದೀಪ:
ಒಪ್ಕೊಂಡೆ ಸರ್. ಆದ್ರೆ ದೊಡ್ಡ ಬ್ಯಾಂಕುಗಳೂ 12 ಅಂತಾನೇ ಹಾಕ್ತಿದ್ವಲ್ಲ, ಅವರೆಲ್ಲ ದಡ್ಡರಾ?

ಕೃಷ್ಣಮೂರ್ತಿ:
ದಡ್ಡರಲ್ಲ. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ ಬಹಳ ಕಾಲ 12 ಇಟ್ಟಿತ್ತು, ಆದ್ರೆ ಅವರ ಲೆಕ್ಕದಲ್ಲಿ ಹಣದುಬ್ಬರ ಮೊದಲೇ ತೆಗೆದಿರತ್ತೆ. ಅವರ 12ಕ್ಕೆ ಕಾರಣ ಬೇರೆ: ಈ ದುಡ್ಡು ಇನ್ನೆಲ್ಲೋ ಹಾಕಿದ್ರೆ ಎಷ್ಟು ಹುಟ್ತಿತ್ತು ಅನ್ನೋದು. 2017ರಲ್ಲಿ ಅದನ್ನೂ 9ಕ್ಕೆ ಇಳಿಸಿದ್ರು, ಆರೋಗ್ಯ, ಶಿಕ್ಷಣದಂಥ ಕೆಲವಕ್ಕೆ 6. ಸುಮಾ ಅವರ ಕೆರೆಗೆ 9 ಹಾಕಿದ್ರೆ ಸುಮಾರು 110 ಕೋಟಿ, ಕೂದಲೆಳೆ ಅಂತರದಲ್ಲಿ ದಾಟತ್ತೆ. ಯಾವುದು ಸರಿ ಅಂತ ನಾನು ಇಲ್ಲಿ ಕೂತು ಹೇಳಲಾರೆ. ಆದ್ರೆ 50ನೇ ವರ್ಷದ ನೂರು ರೂಪಾಯಿ 12ರಲ್ಲಿ 35 ಪೈಸೆ, 3ರಲ್ಲಿ ಸುಮಾರು 23 ರೂಪಾಯಿ. ಗ್ರಾಮಸಭೇಲಿ ಕೂತವರಿಗೆ ಇದೊಂದು ಸಾಲು ಸಾಕು.

ನಾಗರಾಜ್:
ನಾನು ಅಪ್ಪ ನೆಟ್ಟ ಹಲಸಿನ ಮರದ ಹಣ್ಣು ತಿಂತಿದೀನಿ, ಅವರು ಒಂದೂ ತಿನ್ಲಿಲ್ಲ. ಅವರು ಎಷ್ಟು ಪರ್ಸೆಂಟ್ ಹಾಕಿದ್ರೋ ಏನೋ. ರಿಯಾಯಿತಿ ವಿಷಯ ತಪ್ಪು ತಿಳ್ಕೊಂಡೆ, ಕ್ಷಮಿಸಿ.

ಬಸವರಾಜ:
ಲೆಕ್ಕ ಸಾಕು, ಪದಚರ್ಚೆ ಇದು. ‘ಮುರಿದರ’ ಸಮಾಸವೇ ಸರಿಯಿಲ್ಲ, ಬೇರೆ ಭಾಷೆ ಪದದ ಜೊತೆ ಕನ್ನಡ ಧಾತು ಸೇರಿಸ್ತಾ ಹೋದ್ರೆ ಅದು ಅರಿಸಮಾಸ. ‘ಮುರಿಕೆಯಳತೆ’.

ಶಾರದಾ:
ಅದನ್ನ ಗ್ರಾಮಸಭೇಲಿ ನೀವೇ ಓದಿ ಹೇಳಿ ಅಣ್ಣಾ, ನಾನು ಹಿಂದೆ ಕೂತು ಕೇಳ್ತೀನಿ.

ಸುಮಾ:
ನಾನು ಹೀಗೆ ಬರೆದೆ: ‘ಮುಂದೆ ಸಿಗುವ ಪ್ರಯೋಜನವನ್ನು ಇಂದಿನ ಬೆಲೆಗೆ ಮುರಿಯುವ ದರ’. ಉದ್ದ ಆಯ್ತು, ಟೇಬಲ್ಲಿನ ಕಾಲಂ ಹೆಡಿಂಗಲ್ಲಿ ಹಿಡಿಸ್ತಿಲ್ಲ, ಅಲ್ಲಿ ‘ಮುರಿಯುವ ದರ’ ಅಂತಷ್ಟೇ ಇಟ್ಟೆ. ‘ಸಾಮಾಜಿಕ’ನ ಬಿಟ್ಟುಬಿಟ್ಟೆ, ‘ಊರಿನ ಲೆಕ್ಕದಲ್ಲಿ’ ಅಂತ ಮೇಲಿನ ಪ್ಯಾರಾದಲ್ಲಿ ಬಂದಿದೆ. 12ರ ವಿಷಯ ಕೆಲಸ ಕೊಟ್ಟವರಿಗೆ ಮೇಲ್ ಮಾಡಿದೆ. “ನೀವು ಅನುವಾದ ಮಾಡಿ ಸಾಕು” ಅಂತ ಉತ್ತರ ಬಂತು. ಅಡಿಟಿಪ್ಪಣೀನ ಮಾತ್ರ ಮೇಲಿನ ಸಾಲಿಗೆ ಎತ್ತಿ, ದಪ್ಪ ಅಕ್ಷರದಲ್ಲಿ ಹಾಕಿದೀನಿ.

ಕೃಷ್ಣಮೂರ್ತಿ:
ಅದು ಒಳ್ಳೇ ಕೆಲಸ. ಆದ್ರೆ ‘ಇಂದಿನ ಬೆಲೆಗೆ’ ಅನ್ನಬೇಡಿ, ಪ್ರದೀಪನ ಹಣದುಬ್ಬರ ಮತ್ತೆ ಒಳಗೆ ನುಗ್ಗತ್ತೆ. ‘ಇಂದಿನ ಮೌಲ್ಯಕ್ಕೆ’.

ಬಸವರಾಜ:
ಮೌಲ್ಯ ಸಂಸ್ಕೃತ.