ಪದಚರ್ಚೆ: ಚರ್ನ್ ದರದ ಪಕ್ಕದ ಎರಡು ಅಂಕಿಗಳಿಗೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ (ಕೊಪ್ಪಳ)

ಮಾನ್ಯರೇ, ಮಕ್ಕಳಿಗಾಗಿ ನಾವು ನಡೆಸುತ್ತಿರುವ ಆನ್‌ಲೈನ್ ಕಥಾಸೇವೆಯ ವರದಿ ನಾಳೆ ಅಚ್ಚಿಗೆ ಹೋಗಬೇಕಾಗಿದೆ. ತಿಂಗಳ ಆರಂಭದಲ್ಲಿದ್ದ 40 ಚಂದಾದಾರರಲ್ಲಿ 2 ಮಂದಿ ತಿಂಗಳೊಳಗೆ ಚಂದಾ ನಿಲ್ಲಿಸಿದ್ದಾರೆ. ಹೀಗೆ ಬಿಟ್ಟವರ ಪ್ರಮಾಣ, ಅಂದರೆ ಚರ್ನ್ ದರ, ಶೇ. 5. ಲೆಕ್ಕ ಮಾಡಿಕೊಟ್ಟವರು ಅದರ ಪಕ್ಕದಲ್ಲಿ, ಆ ಅಂದಾಜು ಎಲ್ಲಿಂದ ಎಲ್ಲಿಯವರೆಗೆ ಹರಡಬಹುದೆಂದು ತೋರಿಸಲು, ‘ಶೇ. 95 ಕಾನ್ಫಿಡೆನ್ಸ್ ಇಂಟರ್ವಲ್: ಮೈನಸ್ 1.8ರಿಂದ 11.8’ ಎಂದು ಬರೆದಿದ್ದಾರೆ. ಇದನ್ನು ‘ವಿಶ್ವಾಸ ಮಧ್ಯಂತರ’ ಎನ್ನಬಹುದೇ? ಓದುವವರು ಪೋಷಕರು ಮತ್ತು ಶಿಕ್ಷಕರು.

ಬಳ್ಳಾರಿ

ಕೂಡದು. ಮಧ್ಯಂತರ ಎಂದರೆ ನಮ್ಮ ಜನರಿಗೆ ಚುನಾವಣೆ, ಇಲ್ಲವೇ ಸಿನಿಮಾ ನಡುವಿನ ಬಿಡುವು. ‘ವಿಶ್ವಾಸಾಂತರ’ ಇನ್ನೂ ಕೆಟ್ಟದ್ದು: ರೂಪಾಂತರ, ಭಾಷಾಂತರ, ಮತಾಂತರಗಳ ಸಾಲಿನಲ್ಲಿ ಓದಿದರೆ ಒಂದು ವಿಶ್ವಾಸ ಬಿಟ್ಟು ಇನ್ನೊಂದಕ್ಕೆ ಹಾರಿದಂತಾಗುತ್ತದೆ. ‘ನಂಬುಗೆಯ ಹರವು’ ಎಂದು ಬರೆಯಿರಿ. ಹರಡು, ಹರಹು, ಹರವು ಎಲ್ಲವೂ ನಮ್ಮವೇ.

ರಾಯಚೂರು

ಹೆಸರಿಡುವ ಮೊದಲು ಅಂಕಿಯನ್ನು ನೋಡಬೇಕಿತ್ತು. ಚಂದಾ ಬಿಟ್ಟವರ ಪ್ರಮಾಣ ಸೊನ್ನೆಗಿಂತ ಕೆಳಗಿಳಿಯುವುದು ಸಾಧ್ಯವೇ ಇಲ್ಲ. ನಿಮ್ಮ ಲೆಕ್ಕಿಗರು ಕಂಡ ಶೇ. 5ನ್ನೇ ನಿಜದ ದರವೆಂದು ಹಿಡಿದು, ಅದರಿಂದಲೇ ಏರಿಳಿತವನ್ನು ಅಂದಾಜಿಸಿ, ಎರಡೂ ಕಡೆಗೆ ಸಮನಾಗಿ ಹಂಚಿದ್ದಾರೆ. ಬಿಟ್ಟವರು ಇಬ್ಬರೇ ಇರುವಾಗ ಹಂಚಿಕೆ ಒಂದು ಮಗ್ಗುಲಿಗೆ ವಾಲಿರುತ್ತದೆ. ಸಮನಾದ ಹಂಚಿಕೆ ಅದಕ್ಕೆ ಹೊಂದುವುದಿಲ್ಲ. ಯಾರೂ ಬಿಡದ ತಿಂಗಳಲ್ಲಿ ಇದೇ ಸೂತ್ರವು ಸೊನ್ನೆಯಿಂದ ಸೊನ್ನೆಯವರೆಗೆ ಎಂದು ಹೇಳಿ, ಅನುಮಾನವೇ ಇಲ್ಲದಂತೆ ತೋರಿಸುತ್ತದೆ.

ಎಡ್ವಿನ್ ವಿಲ್ಸನ್ 1927ರಲ್ಲಿ ಪ್ರಕಟಿಸಿದ ವಿಧಾನ ಪ್ರಶ್ನೆಯನ್ನು ತಿರುಗಿಸಿ ಕೇಳುತ್ತದೆ: ನಿಜದ ದರ ಎಷ್ಟಿದ್ದರೆ 40ರಲ್ಲಿ 2 ಎಂಬುದು ಅಚ್ಚರಿಯ ಸಂಗತಿಯಾಗುವುದಿಲ್ಲ? ಹಾಗೆ ಲೆಕ್ಕ ಹಾಕಿದರೆ ಶೇ. 1.4ರಿಂದ 16.5 ಬರುತ್ತದೆ. ಯಾರೂ ಬಿಡದಿದ್ದರೂ ಮೇಲಿನ ಮಿತಿ ಶೇ. 8.8 ಉಳಿಯುತ್ತದೆ. ಇದನ್ನು ತಿದ್ದದೆ ಯಾವ ಪದ ಹಾಕಿದರೂ ವ್ಯರ್ಥ.

ಗಂಗಾವತಿ

ಪದವೇ ಬೇಡ, ವಾಕ್ಯ ಬರೆಯಿರಿ: ‘ನಿಜವಾದ ದರವು ಶೇ. 1.4 ಮತ್ತು 16.5ರ ನಡುವೆ ಇರುವ ಸಂಭವ ಶೇ. 95.’ ಸಾಮಾನ್ಯ ಓದುಗರಿಗೆ ಇಷ್ಟು ಸಾಕು.

ಸಿಂಧನೂರು

ನಾನು ಕೇಬಲ್ ಸಂಪರ್ಕ ನಡೆಸುವವನು. ಸಮೀಕ್ಷೆ ಮಾಡಿದ್ದರೆ ಅಂದಾಜು ಸರಿ; ಇಲ್ಲಿ 40 ಜನರನ್ನೂ ಎಣಿಸಿಯೇ ಆಗಿದೆಯಲ್ಲ, ಇಬ್ಬರು ಬಿಟ್ಟಿದ್ದು ಖಚಿತ. ಅದರಲ್ಲಿ ಅನುಮಾನ ಎಲ್ಲಿಂದ ಬಂತು? ನಮ್ಮಲ್ಲಂತೂ ಜನ ಒಬ್ಬೊಬ್ಬರಾಗಿ ಬಿಡುವುದಿಲ್ಲ. ಒಂದು ಓಣಿಗೆ ಬೇರೆ ಸಂಪರ್ಕ ಬಂದರೆ ಇಡೀ ಓಣಿಯೇ ಹೊರಟುಹೋಗುತ್ತದೆ.

ರಾಯಚೂರು

ಕಳೆದ ತಿಂಗಳ ಜಮಾಖರ್ಚಿಗಾದರೆ ನಿಮ್ಮ ಮಾತು ಸರಿ, ಅಲ್ಲಿ ಮಿತಿಗಳೇ ಬೇಡ. ಆದರೆ ವರದಿ ಓದುವವರು ಆ ಶೇ. 5ನ್ನು ಮುಂದಿನ ತಿಂಗಳಿಗೂ ಹಚ್ಚುತ್ತಾರೆ. ಮುಂದಿನ ತಿಂಗಳು 38 ಜನರಲ್ಲಿ 5 ಮಂದಿ ಬಿಟ್ಟರೆ ದರ ಶೇ. 13.2 ಆಗುತ್ತದೆ, ಸಂಸ್ಥೆ ಮುಳುಗಿತೆಂಬ ಗುಲ್ಲು ಏಳುತ್ತದೆ. ಅದರ ಮಿತಿಗಳು ಶೇ. 5.8ರಿಂದ 27.3, ಇಷ್ಟು ಸಣ್ಣ ಎಣಿಕೆಯಿಂದ ಜನರ ಒಲವು ಬದಲಾಯಿತೆಂದು ಹೇಳಲು ಬರುವುದಿಲ್ಲ, ಬದಲಾಗಿಲ್ಲವೆಂದು ಹೇಳಲೂ ಬರುವುದಿಲ್ಲ.

ಓಣಿಯ ಮಾತು ಮಾತ್ರ ಇಲ್ಲಿ ಯಾರೂ ಎತ್ತದ ಮುಖ್ಯ ವಿಷಯ. ಪ್ರತಿಯೊಬ್ಬರೂ ತಮ್ಮಷ್ಟಕ್ಕೆ ತೀರ್ಮಾನಿಸುತ್ತಾರೆ ಎಂಬ ಊಹೆಯ ಮೇಲೆ ಈ ಲೆಕ್ಕ ನಿಂತಿದೆ. ಒಂದೇ ಶಾಲೆಯ ಹಲವರು ಒಟ್ಟಿಗೆ ಸೇರಿ ಒಟ್ಟಿಗೆ ಬಿಡುವುದಾದರೆ ನಿಜವಾದ ಅನಿಶ್ಚಿತತೆ ವಿಲ್ಸನ್ ತೋರಿಸುವುದಕ್ಕಿಂತ ದೊಡ್ಡದು.

ಗಂಗಾವತಿಯವರ ವಾಕ್ಯ ಸೊಗಸಾಗಿದೆ, ಅರ್ಥ ಜಾರಿದೆ. ಆ ಶೇ. 95 ವಿಧಾನಕ್ಕೆ ಸೇರಿದ್ದು: ಹೀಗೆಯೇ ಮತ್ತೆ ಮತ್ತೆ ಲೆಕ್ಕ ಹಾಕುತ್ತ ಹೋದರೆ ನೂರರಲ್ಲಿ ಸುಮಾರು 95 ಸಲ ನಿಜದ ದರವು ಮಿತಿಗಳ ಒಳಗೆ ಸಿಗುತ್ತದೆ. ಈ ಒಂದು ಜೋಡಿ ಅಂಕಿಯ ಬಗ್ಗೆ ಅದು ಭರವಸೆ ಕೊಡುವುದಿಲ್ಲ. ಆದ್ದರಿಂದಲೇ ‘ನಂಬುಗೆ’ಯೂ ನನಗೆ ಒಪ್ಪಿಗೆಯಿಲ್ಲ.

ಗಂಗಾವತಿ

ಈ ಭೇದವನ್ನು ಯಾವ ಪೋಷಕರು ಓದುತ್ತಾರೆ, ಸರ್? ಸಂಭವವನ್ನು ನಮ್ಮ ನಂಬಿಕೆಯ ಅಳತೆಯೆಂದು ಹಿಡಿಯುವ ಬೇಯೆಸ್ ಪಂಥದವರು ನನ್ನ ವಾಕ್ಯವನ್ನೇ ಬರೆಯುತ್ತಾರೆ.

ರಾಯಚೂರು

ಬರೆಯುತ್ತಾರೆ, ಆದರೆ ಎಣಿಕೆ ನೋಡುವ ಮೊದಲೇ ದರದ ಬಗ್ಗೆ ತಮಗಿದ್ದ ಪೂರ್ವಗ್ರಹಿಕೆಯನ್ನು ಲೆಕ್ಕದೊಳಗೆ ಸೇರಿಸಿ. ಇಲ್ಲಿ ಯಾರೂ ಅದನ್ನು ಸೇರಿಸಿಲ್ಲ.

ಬಳ್ಳಾರಿ

ಪದದ ವಿಷಯವೇ ಮರೆತುಹೋಯಿತು. ಹರವು ಎಂಬುದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಸಿಂಧನೂರು

ಅಚ್ಚಗನ್ನಡವೇ ಬೇಕಿದ್ದರೆ ಮೊದಲು ‘ಚಂದಾ’ ತೆಗೆಯಿರಿ, ಅದು ಪಾರಸಿ. ನಿಜಾಮರ ಕಾಲದಿಂದ ನಮ್ಮ ಕಡೆ ಇಂಥವು ಎಷ್ಟೋ ಉಳಿದಿವೆ, ಕೆಲಸಕ್ಕೆ ಅಡ್ಡಿಯಾಗಿಲ್ಲ.

ಬಳ್ಳಾರಿ

ಉಳಿದದ್ದೆಲ್ಲ ಸರಿಯೆಂದಲ್ಲ.

ಕೊಪ್ಪಳ

ಎಲ್ಲರಿಗೂ ವಂದನೆಗಳು. ಹೀಗೆ ಕಳಿಸುತ್ತಿದ್ದೇನೆ: ‘40 ಚಂದಾದಾರರಲ್ಲಿ 2 ಮಂದಿ ಬಿಟ್ಟಿದ್ದಾರೆ (ಶೇ. 5). ಸಂಖ್ಯೆ ಚಿಕ್ಕದಾದ್ದರಿಂದ ಬಿಡುವವರ ನಿಜವಾದ ತಿಂಗಳ ದರ ಶೇ. 1.4ರಿಂದ 16.5ರವರೆಗೆ ಎಷ್ಟಿದ್ದರೂ ಈ ಎಣಿಕೆಗೆ ಹೊಂದುತ್ತದೆ.’ ಕೋಷ್ಟಕದ ತಲೆಬರಹಕ್ಕೆ ಸದ್ಯ ‘ಅಂದಾಜಿನ ಹರವು (ಶೇ. 95, ವಿಲ್ಸನ್)’ ಎಂದು ಹಾಕಿದ್ದೇನೆ. ಬಿಟ್ಟ ಇಬ್ಬರೂ ಒಂದೇ ಶಾಲೆಯವರೇ ಎಂಬುದನ್ನು ನೋಂದಣಿ ಪುಸ್ತಕದಲ್ಲಿ ನೋಡಬೇಕು.

ರಾಯಚೂರು

‘ಮಿತಿಗಳು’ ಸಾಕಿತ್ತು. ಶಾಲೆ ಒಂದೇ ಆಗಿದ್ದರೆ ಆ ಸಂಗತಿಯನ್ನು ಕೋಷ್ಟಕದ ಕೆಳಗೆ ಬರೆಯಿರಿ.