84/3 ಎಲ್ಲಿದೆ? ದಿಶಾಂಕ್‌ನಲ್ಲಿ ಬೇರೆಯವರ ಗದ್ದೆ ಬರ್ತಿದೆ

ನಾಲೆಬದಿ: ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. ಶ್ರೀರಂಗಪಟ್ಟಣ ತಾಲ್ಲೂಕು, ಸರ್ವೆ ನಂಬರ್ 84/3, ನಮ್ಮದು 1 ಎಕರೆ 10 ಗುಂಟೆ. ದಿಶಾಂಕ್ ಆ್ಯಪ್‌ನಲ್ಲಿ 84 ಹುಡುಕಿದರೆ ನಮ್ಮ ಗದ್ದೆಯಿಂದ ಎರಡು ಕಿಲೋಮೀಟರ್ ಆಚೆ ತೋರಿಸುತ್ತೆ. ಪಹಣಿ ಸರಿಯಾಗೇ ಇದೆ. ಏನು ಮಾಡಬೇಕು?

ಕಬ್ಬುಗಾಣ: ಜಿಪಿಎಸ್ ತೊಂದರೆ ಗುರು. ತೆಂಗಿನ ಮರದ ಕೆಳಗೆ ನಿಂತು ನೋಡಬೇಡಿ. ಬಯಲಲ್ಲಿ ಐದು ನಿಮಿಷ ನಿಂತು, ಲೊಕೇಶನ್ ಆಫ್ ಮಾಡಿ ಮತ್ತೆ ಆನ್ ಮಾಡಿ.

ನಾಲೆಬದಿ: ಮಾಡಿದೆ. ಅದೇ ಜಾಗ.

ಕಬ್ಬುಗಾಣ: ಹಾಗಾದರೆ ಫೋನ್ ಬದಲಾಯಿಸಿ ನೋಡಿ. ಹಳೇ ಫೋನ್‌ಗಳಲ್ಲಿ ಇದು ಸಾಮಾನ್ಯ.

ಬಾಂದುಕಲ್ಲು: ಜಿಪಿಎಸ್ ತಪ್ಪಿದರೂ ಕೆಲವು ಮೀಟರ್ ಅತ್ತಿತ್ತ ಆದೀತು, ಎರಡು ಕಿಲೋಮೀಟರ್ ಹೋಗಲ್ಲ. ಅದೂ ಅಲ್ಲದೆ ನಂಬರ್ ಹಾಕಿ ಹುಡುಕುವಾಗ ನೀವು ಎಲ್ಲಿ ನಿಂತಿದ್ದೀರಿ ಅನ್ನೋದು ಲೆಕ್ಕಕ್ಕೇ ಬರಲ್ಲ. ನಾಲೆಬದಿಯವರೇ, ಪಹಣಿಯ ತಲೆಯಲ್ಲಿರುವ ಗ್ರಾಮದ ಹೆಸರೂ ನೀವು ಆ್ಯಪ್‌ನಲ್ಲಿ ಆರಿಸಿದ ಹೆಸರೂ ಒಂದೇನಾ?

ನಾಲೆಬದಿ: ನಾನು ನಮ್ಮೂರ ಹೆಸರು ಹಾಕಿದ್ದೆ. ಪಹಣಿಯಲ್ಲಿ ಬೇರೆ ಹೆಸರಿದೆ, ಆದರೆ ಆ ಹೆಸರಿನಲ್ಲಿ ಊರೇ ಇಲ್ಲವಲ್ಲ ಸಾರ್?

ಬಾಂದುಕಲ್ಲು: ಅದು ಬೇಚಿರಾಕ್ ಗ್ರಾಮ. ಮನೆಗಳಿಲ್ಲ, ಆದರೆ ಸರ್ವೆ ದಾಖಲೆಯಲ್ಲಿ ಅದಕ್ಕೆ ಬೇರೆಯೇ ನಕಾಶೆ, ಬೇರೆಯೇ ನಂಬರುಗಳು. ನಿಮ್ಮೂರಿಗೂ ಒಂದು 84 ಇದೆ, ಅದಕ್ಕೂ ಒಂದು 84 ಇದೆ. ಹೋಬಳಿಯನ್ನೂ ಪಹಣಿ ನೋಡಿಯೇ ಆರಿಸಿ.

ನಾಲೆಬದಿ: ಬಂತು! ಈಗ ನಮ್ಮ ಗದ್ದೆ ಮೇಲೇ ಬಂತು. ಆದರೆ 84 ಅಂತ ಒಂದೇ ದೊಡ್ಡ ಗಡಿ ತೋರಿಸ್ತಿದೆ, ನಮ್ಮ 1-10 ಬೇರೆಯಾಗಿ ಕಾಣ್ತಿಲ್ಲ.

ದರಖಾಸ್ತು: ನನ್ನದೂ ಹೀಗೇ ಅಣ್ಣ, ನಾಗಮಂಗಲದಲ್ಲಿ, ಪೈಕಿ ನಂಬರ್. ಸಾಗುವಳಿ ಚೀಟಿ ಜೊತೆಗಿನ ನಕ್ಷೆ ತೆಗೆಸಿ, ಅದೇ ದಾರಿ.

ಬಾಂದುಕಲ್ಲು: ಅದು ಮಂಜೂರಾದ ಜಮೀನಿಗೆ. ಇವರದು ಹಿಸ್ಸಾ. ನಾಲೆಬದಿಯವರೇ, ಪಹಣಿಯಲ್ಲಿ ಮಾಲೀಕರನ್ನು ಬರೆಯುವ 9ನೇ ಕಾಲಂನಲ್ಲಿ ಎಷ್ಟು ಹೆಸರಿವೆ?

ನಾಲೆಬದಿ: ಮೂರು. ಅಪ್ಪ, ಇಬ್ಬರು ಚಿಕ್ಕಪ್ಪಂದಿರು, ತಲಾ 1-10.

ಬಾಂದುಕಲ್ಲು: ಇದನ್ನು ಮೊದಲೇ ಹೇಳಬೇಕಿತ್ತು. ಅಂದರೆ 84/3 ಒಟ್ಟು 3-30, ಅದರೊಳಗೆ ಪೋಡಿ ಆಗಿಲ್ಲ, ಅಳೆದು ಬೇರೆ ಬೇರೆ ನಂಬರ್ ಕೊಟ್ಟಿಲ್ಲ. ದಾಖಲೆ ನಿಮ್ಮನ್ನು ಹಿಸ್ಸಾ 3ರ ಗಡಿಯವರೆಗೆ ತಂದು ಬಿಡುತ್ತೆ, ಒಳಗಿನ ಮೂರು ಭಾಗ ಯಾವ ನಕಾಶೆಯಲ್ಲೂ ಇಲ್ಲ. ತಾಲ್ಲೂಕು ಸರ್ವೆ ಶಾಖೆಯಲ್ಲಿ ಅಳತೆ ಇರುವ ಹಿಸ್ಸಾ ಟಿಪ್ಪಣಿ ಮತ್ತು ವಿಸ್ತೀರ್ಣ ಇರುವ ಆಕಾರ್‌ಬಂದ್ ನಕಲು ತೆಗೆಸಿ.

(ಒಂದು ವಾರದ ನಂತರ)

ನಾಲೆಬದಿ: ಟಿಪ್ಪಣಿ ಸಿಕ್ಕಿತು. ಹೆಚ್ಚುಕಮ್ಮಿ ಚೌಕ. ಉತ್ತರ ದಕ್ಷಿಣ 12-8, ಪೂರ್ವ ಪಶ್ಚಿಮ 12-0 ಅಂತಿದೆ. ಅಡಿಯಾ, ಮೀಟರಾ?

ಕಬ್ಬುಗಾಣ: ಚೈನು. ಒಂದು ಚೈನು 66 ಅಡಿ, ನೂರು ಕೊಂಡಿ.

ಬಾಂದುಕಲ್ಲು: ಚೈನೇ ಹೌದು, ಆದರೆ ಇಲ್ಲಿ 33 ಅಡಿಯದು, ಒಂದು ಚೈನಿಗೆ 16 ಆಣೆ. 12-8 ಅಂದರೆ ಹನ್ನೆರಡೂವರೆ ಚೈನು.

ಕಬ್ಬುಗಾಣ: ಸರ್ವೆ ಪುಸ್ತಕದಲ್ಲೆಲ್ಲ 66 ಅಂತಲೇ ಇರೋದು.

ಬಾಂದುಕಲ್ಲು: ವಿಸ್ತೀರ್ಣ ತಾಳೆ ನೋಡಿ. 33 ಅಡಿ ಚೌಕ ಒಂದು ಗುಂಟೆ. ಹನ್ನೆರಡೂವರೆಯನ್ನು 12ರಿಂದ ಗುಣಿಸಿದರೆ 150 ಗುಂಟೆ, ಅಂದರೆ 3-30, ಪಹಣಿಗೆ ಸರಿಹೋಯ್ತು. 66 ಅಡಿ ಹಿಡಿದರೆ 15 ಎಕರೆ ಬರುತ್ತೆ.

ನಾಲೆಬದಿಯವರೇ, ಉತ್ತರ ದಕ್ಷಿಣ 412 ಅಡಿ 6 ಇಂಚು, ಪೂರ್ವ ಪಶ್ಚಿಮ 396 ಅಡಿ. ವಿಭಾಗ ಪತ್ರದ ಚಕ್ಕುಬಂದಿಯಲ್ಲಿ ಉತ್ತರದ ಭಾಗ ನಿಮ್ಮದು ಅಂತಿದ್ದರೆ, ಉತ್ತರದ ಗಡಿಯಿಂದ 137 ಅಡಿ 6 ಇಂಚಿಗೆ ನಿಮ್ಮ ಗೆರೆ. ಬದುವಿನಿಂದ ಅಳೆಯಬೇಡಿ. ವರ್ಷವರ್ಷ ಉಳುವಾಗ ಬದು ಸರಿಯುತ್ತೆ. ಟಿಪ್ಪಣಿಯಲ್ಲಿ ಗೆರೆ ನೇರ ಇದ್ದು ಬದು ಸೊಟ್ಟ ಇದ್ದರೆ ಸರಿದಿದೆ ಅಂತಲೇ ತಿಳಿಯಿರಿ. ಅಲುಗದ ಎರಡು ಕಲ್ಲು ಹುಡುಕಿ, ಅವುಗಳ ನಡುವಿನ ಅಳತೆ ಟಿಪ್ಪಣಿಗೆ ಹೊಂದುತ್ತಾ ನೋಡಿ, ಆಮೇಲೆ ಮುಂದುವರಿಯಿರಿ.

ಕಬ್ಬುಗಾಣ: 66ರ ವಿಷಯ ಬಿಟ್ಟೆ. ಆದರೆ ದಿಶಾಂಕ್ ಗೆರೆ ಮೇಲೇ ಕಲ್ಲು ನೆಟ್ಟರೆ ಮುಗೀತಲ್ಲ?

ಬಾಂದುಕಲ್ಲು: ಬೇಡ. ಗದ್ದೆ ಯಾವುದು ಅಂತ ಗುರುತಿಸಲು ಅದು ಸಾಕು, ಗಡಿಗೆ ಸಾಲದು. ಹದ್ದುಬಸ್ತಿಗೆ ಅರ್ಜಿ ಹಾಕಿದರೆ ಅಕ್ಕಪಕ್ಕದವರಿಗೆ ನೋಟಿಸ್ ಕೊಟ್ಟು ಭೂಮಾಪಕರು ಗಡಿ ತೋರಿಸ್ತಾರೆ. ಅದೂ ಹಿಸ್ಸಾ 3ರ ಹೊರಗಡಿಯನ್ನು ಮಾತ್ರ.

ನಾಲೆಬದಿ: ಆಕಾರ್‌ಬಂದ್‌ನಲ್ಲಿ ಖರಾಬು 0-06 ಅಂತಿದೆ. ಪಶ್ಚಿಮಕ್ಕೆ ಉಪನಾಲೆ ಇದೆ, ಅದೇನಾ?

ಬಾಂದುಕಲ್ಲು: ನಾಲೆ ಪಶ್ಚಿಮದ ಅಂಚಿಗುಂಟ ಪೂರ್ತಿ ಹಾದಿದ್ದರೆ ಸುಮಾರು 16 ಅಡಿ ಅಗಲ, 6 ಗುಂಟೆಗೆ ಸರಿಹೋಗುತ್ತೆ. ನಿಮ್ಮ 137 ಅಡಿಯ ಗೆರೆ ಬದಲಾಗಲ್ಲ, ಮೂವರಿಗೂ ಸಮನಾಗಿ ಕಡಿಮೆ ಆಗುತ್ತೆ. ಆದರೆ ಸಾಗುವಳಿಗೆ ಬಾರದ ಈ ಖರಾಬು ಕಳೆದರೆ ಉಳಿಯೋದು 3-24, ತಲಾ 1-08. 9ನೇ ಕಾಲಂನಲ್ಲಿ ಮೂರು 1-10 ಕೂಡಿದರೆ 3-30 ಆಗುತ್ತೆ. ವಿಸ್ತೀರ್ಣದ 3ನೇ ಕಾಲಂ ಮತ್ತು 9ನೇ ಕಾಲಂ ತಾಳೆ ಆಗದಿದ್ದರೆ ಪೋಡಿ ಅಲ್ಲೇ ನಿಲ್ಲುತ್ತೆ. ಮೊದಲು ತಹಶೀಲ್ದಾರ್‌ಗೆ ತಿದ್ದುಪಡಿ ಅರ್ಜಿ ಹಾಕಿ.

ನಾಲೆಬದಿ: ಚಿಕ್ಕಪ್ಪ 1-08ಕ್ಕೆ ಒಪ್ತಿಲ್ಲ. ನಾಲೆ ಪೂರ್ತಿ ನಮ್ಮಪ್ಪನ ಪಾಲಲ್ಲೇ ಹೋಗಿದೆ ಅಂತಾರೆ.

ದರಖಾಸ್ತು: ಟಿಪ್ಪಣಿಯಲ್ಲಿ ನಾಲೆ ಗುರುತು ಎಲ್ಲಿಂದ ಎಲ್ಲಿವರೆಗೆ ಇದೆ ಅಣ್ಣ?

ನಾಲೆಬದಿ: ನಕಲು ಅಲ್ಲಿ ಮಸುಕಾಗಿದೆ. ಸೋಮವಾರ ಮೂಲ ಟಿಪ್ಪಣಿ ನೋಡಲು ಹೋಗ್ತಿದ್ದೀನಿ.